ಗೂಡಿನ ಲೆಕ್ಕ ಬರೆದ ಮೇಲೆ ಅರ್ಥವಾದ ಸೊನ್ನೆ ಲಾಭ

ಚನ್ನಪಟ್ಟಣ ತಾಲ್ಲೂಕಿನಲ್ಲಿ ನಮ್ಮದು 2 ಎಕರೆ ಹಿಪ್ಪುನೇರಳೆ ತೋಟ, ಎಲ್ಲ ವಿ-1 ತಳಿ. ಒಂದೊಂದು ಎಕರೆಯ ಸೊಪ್ಪನ್ನು ಸರದಿಯಲ್ಲಿ ಕೊಯ್ದು ವರ್ಷಕ್ಕೆ 10 ಬೆಳೆ ದ್ವಿತಳಿ ಜಾತಿಯ ರೇಷ್ಮೆ ಹುಳು ಸಾಕುತ್ತೇವೆ. ಪೂರ್ಣ ಸ್ಪರ್ಧೆಯ, ಅಂದರೆ ಯಾರೊಬ್ಬರಿಂದಲೂ ಬೆಲೆ ಅಲ್ಲಾಡದ ಮಾರುಕಟ್ಟೆಯಲ್ಲಿ ದೀರ್ಘಾವಧಿಯಲ್ಲಿ ಆರ್ಥಿಕ ಲಾಭ ಸೊನ್ನೆ ಎಂದು ಬಿ.ಎ. ಓದುವಾಗ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದೆ. ಅದು ನಿಜವಾಗಿ ತಲೆಗೆ ಹೋದದ್ದು ಹುಳು ಮನೆಯ ಲೆಕ್ಕದ ಪುಸ್ತಕದಿಂದ.

ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದವರಿಗೆ ಗೊತ್ತು, ಅಲ್ಲಿ ರೈತ ಬೆಲೆ ಹೇಳುವುದಿಲ್ಲ. ಗೂಡನ್ನು ತೊಟ್ಟಿಗೆ ಸುರಿಯುತ್ತೇವೆ, ಗೂಡಿನಿಂದ ನೂಲು ಬಿಚ್ಚುವ ರೀಲರುಗಳು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ ಇ-ಹರಾಜಿನಲ್ಲಿ ಬೆಲೆ ಹಾಕುತ್ತಾರೆ. ನಮ್ಮ ಜಿಲ್ಲೆಯದಷ್ಟೇ ಅಲ್ಲ, ಆಂಧ್ರ, ತಮಿಳುನಾಡಿನ ಗೂಡೂ ಅಲ್ಲಿಗೆ ಬರುತ್ತದೆ. ಅಷ್ಟರಲ್ಲಿ ನನ್ನ 100 ಕೆಜಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೆಲೆ ಸಾಲದು ಎಂದು ಮನೆಗೆ ತಂದು ಇಟ್ಟುಕೊಳ್ಳುವ ಹಾಗೂ ಇಲ್ಲ. ಹೆಚ್ಚು ದಿನ ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ.

ನಾನು ಶುರು ಮಾಡಿದಾಗ ಕೆಜಿಗೆ 750 ರೂಪಾಯಿ ಸಿಗುತ್ತಿತ್ತು. ಒಂದು ಬೆಳೆಗೆ 150 ಮೊಟ್ಟೆಯ ಚಾಕಿ ಹುಳು, ಅಂದರೆ ಮೊದಲ ಕೆಲವು ದಿನ ಬೇರೆಡೆ ಸಾಕಿದ ಮರಿ ಹುಳು ತರುತ್ತೇನೆ. ನಮ್ಮಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ. 100 ಮೊಟ್ಟೆಗೆ 70 ಕೆಜಿಯಂತೆ ಗೂಡು 105 ಕೆಜಿ, ಹಣ 78,750. ಚಾಕಿ, ಗೊಬ್ಬರ, ಸೊಪ್ಪು ಕೊಯ್ಯುವ ಮತ್ತು ಗೂಡು ಕಟ್ಟಲು ಸಿದ್ಧವಾದ ಹಣ್ಣುಹುಳು ಆಯುವ ಕೂಲಿ, ಬ್ಲೀಚಿಂಗ್ ಪುಡಿ, ಸುಣ್ಣ, ಗಾಡಿ ಬಾಡಿಗೆ, ಎಲ್ಲ ಸೇರಿ ಕೈಯಿಂದ ಹೋಗುತ್ತಿದ್ದದ್ದು 25,000. ಉಳಿದ 53,750 ಅನ್ನೂ ಲಾಭ ಎಂದೇ ಬರೆದುಕೊಂಡಿದ್ದೆ.

ತಪ್ಪು ಅಲ್ಲೇ ಇತ್ತು. ಒಂದು ಬೆಳೆಯ 20 ದಿನ ನಾನೂ ನನ್ನ ಹೆಂಡತಿಯೂ ಹುಳು ಮನೆ ಬಿಟ್ಟು ಕದಲುವುದಿಲ್ಲ. ಅದೇ ದಿನಗಳಲ್ಲಿ ನಾನು ಬಿಡದಿಯ ಕಾರ್ಖಾನೆಗೆ, ಅವಳು ಗಾರ್ಮೆಂಟ್ಸ್‌ಗೆ ಹೋಗಿದ್ದರೆ ದಿನಕ್ಕೆ ತಲಾ 450 ಬರುತ್ತಿತ್ತು. ಇಬ್ಬರದೂ ಸೇರಿ 18,000. ನೀರಿರುವ ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದರೆ ಎಕರೆಗೆ ವರ್ಷಕ್ಕೆ 40,000, ಅಂದರೆ ಬೆಳೆಗೆ 8,000. ಹುಳು ಮನೆಗೂ ಸ್ಟ್ಯಾಂಡು, ಹುಳು ಗೂಡು ಕಟ್ಟುವ ಚಂದ್ರಿಕೆಗೂ ಹಾಕಿದ ದುಡ್ಡಿಗೆ ಬ್ಯಾಂಕಿನ ಬಡ್ಡಿ ಮತ್ತು ಸವಕಳಿ ಹಿಡಿದರೆ ಬೆಳೆಗೆ 7,000. ಇವೆಲ್ಲ ಸೇರಿಸಿದರೆ ನಿಜವಾದ ಖರ್ಚು 58,000. ಕೆಜಿಗೆ ಸುಮಾರು 552 ರೂಪಾಯಿ. ಬೆಲೆ 750 ಇದ್ದಾಗ ಇದರ ಮೇಲೂ ಬೆಳೆಗೆ 20,750 ಮಿಗುತ್ತಿತ್ತು. ಅರ್ಥಶಾಸ್ತ್ರ ಲಾಭ ಎನ್ನುವುದು ಆ 20,750ನ್ನು ಮಾತ್ರ.

ಆ ಮಿಗುತಾಯ ನನಗೊಬ್ಬನಿಗೇ ಕಾಣುವ ಗುಟ್ಟಾಗಿರಲಿಲ್ಲ. ಹರಾಜಿನ ಬೆಲೆ ಎಲ್ಲರ ಮೊಬೈಲಿಗೂ ಬರುತ್ತದೆ. ರಾಗಿ ಹಾಕುತ್ತಿದ್ದವರು, ತೆಂಗಿನ ಸಾಲಿನ ನಡುವೆ ಜಾಗ ಇದ್ದವರು ಹಿಪ್ಪುನೇರಳೆ ಸಸಿ ನೆಟ್ಟರು. ಸಸಿ ನೆಟ್ಟು ಮೊದಲ ಸೊಪ್ಪು ಕೊಯ್ಯಲು ಸುಮಾರು ಆರು ತಿಂಗಳು ಬೇಕು, ಹುಳು ಮನೆ ಏಳಬೇಕು. ಅಷ್ಟು ದಿನ ಹಳೆ ಬೆಳೆಗಾರರು ಚೆನ್ನಾಗಿಯೇ ಸಂಪಾದಿಸಿದೆವು. ನಮ್ಮೂರಲ್ಲಿ 3 ಇದ್ದ ಹುಳು ಮನೆ ಎರಡು ವರ್ಷದಲ್ಲಿ 11 ಆದವು. ನಮ್ಮೂರೊಂದರಿಂದ ರಾಮನಗರದ ಬೆಲೆ ಅಲ್ಲಾಡುವುದಿಲ್ಲ. ಆದರೆ ಇದೇ ಲೆಕ್ಕವನ್ನು ಊರೂರಲ್ಲೂ ಹಾಕಿದ್ದರು. ಗೂಡು ಜಾಸ್ತಿ ಬಂತು, ಬೆಲೆ 650, 600, ಕೊನೆಗೆ 550ರ ಆಸುಪಾಸಿಗೆ ಇಳಿದು ಕೂತಿತು.

ಪುಸ್ತಕ ತೋರಿಸಿ ಈಗ ಲಾಭ ಸೊನ್ನೆ ಎಂದಾಗ ಚಿಕ್ಕಪ್ಪ ಒಪ್ಪಲಿಲ್ಲ. "ಮೂವತ್ತು ಸಾವಿರಕ್ಕೂ ಮೇಲೆ ಕೈಲಿ ಮಡಿಕೊಂಡು ಸೊನ್ನೆ ಅಂತೀಯಲ್ಲೋ, ಯಾವ ಸೀಮೆ ಲೆಕ್ಕ ಇದು?"

"ಮೂವತ್ಮೂರು ಸಾವಿರ ಉಳೀತದೆ ಚಿಕ್ಕಪ್ಪ. ಅದರಲ್ಲಿ ನಮ್ಮಿಬ್ಬರ ಕೂಲಿ, ಜಮೀನಿನ ಗುತ್ತಿಗೆ, ದುಡ್ಡಿನ ಬಡ್ಡಿ ತೆಗೆದರೆ ಏನೂ ಉಳಿಯಲ್ಲ" ಎಂದೆ.

"ಹಂಗಾದ್ರೆ ಬುಟ್ಬುಡು."

ಬಿಡಲು ಕಾರಣವೇ ಇಲ್ಲ, ಅದೇ ಈ ಸೊನ್ನೆಯ ಅರ್ಥ. ಬಿಟ್ಟು ಕಾರ್ಖಾನೆಗೆ ಹೋದರೂ ಅಷ್ಟೇ ಸಿಗುತ್ತದೆ, ಇಲ್ಲೇ ಇದ್ದರೂ ಅಷ್ಟೇ ಸಿಗುತ್ತದೆ. ಹೊಸಬರಿಗೆ ಬರುವ ಆಸೆ ಇಲ್ಲ, ಇದ್ದವರಿಗೆ ಹೋಗುವ ತುರ್ತಿಲ್ಲ. ಬೆಲೆ ಅಲ್ಲಿ ನಿಲ್ಲುವುದು ಅದಕ್ಕೇ.

ಬೆಲೆ ಅದಕ್ಕಿಂತ ಕೆಳಗೂ ಹೋಯಿತು. 400ಕ್ಕೆ ಮಾರಿದ ಬೆಳೆಯಲ್ಲಿ ಬಂದದ್ದು 42,000, ಪೂರ್ತಿ ಲೆಕ್ಕದಲ್ಲಿ 16,000 ನಷ್ಟ. ಆದರೂ ಯಾರೂ ತಕ್ಷಣ ನಿಲ್ಲಿಸಲಿಲ್ಲ. ಹುಳು ಮನೆ ಕಟ್ಟಿಯಾಗಿದೆ, ಅದನ್ನು ಕಿತ್ತು ಮಾರಿದರೆ ದುಡ್ಡು ಬರುವುದಿಲ್ಲ. ಕೈಯಿಂದ ಹೋಗುವ 25,000 ಕಳೆದು 17,000 ಉಳಿಯುತ್ತದೆ, ನಮ್ಮ ಕೂಲಿಯ ಬಹುಪಾಲು ದಕ್ಕಿತು ಎಂದು ಮುಂದುವರಿಸುತ್ತೇವೆ. ಬಿಡುವ ತೀರ್ಮಾನ ಆಗುವುದು ಮತ್ತೆ ದೊಡ್ಡ ದುಡ್ಡು ಹಾಕಬೇಕಾದಾಗ. ಒಬ್ಬರ ಹುಳು ಮನೆಯ ಶೀಟು ಗಾಳಿಗೆ ಹಾರಿತು, ಅವರು ಹೊಸದು ಹಾಕಿಸಲಿಲ್ಲ. ಇನ್ನೊಬ್ಬರ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಮತ್ತೊಬ್ಬರಿಗೆ ಬೋರ್‌ವೆಲ್ ಬತ್ತಿತು, ಗಿಡದ ಬೇರು ಕೀಳಿಸಿ ಮತ್ತೆ ರಾಗಿಗೆ ಹೋದರು. 11ರಲ್ಲಿ 7 ಉಳಿದವು. ಹೀಗೆ ಎಲ್ಲ ಕಡೆ ಆದ ಮೇಲೆ ಬೆಲೆ ನಿಧಾನಕ್ಕೆ ಮತ್ತೆ ಏರಿತು. ದೀರ್ಘಾವಧಿ ಎಂದರೆ ಎಷ್ಟು ವರ್ಷ ಎಂದು ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ. ನಮ್ಮ ಕಸುಬಿನಲ್ಲಿ ಅದು ಗಿಡ ಬೇರೂರಲು ಬೇಕಾದ ಕಾಲ, ಮತ್ತು ಶೀಟು ಹಳೆಯದಾಗಲು ಬೇಕಾದ ಕಾಲ.

ಈ ಲೆಕ್ಕ ಎಲ್ಲರಿಗೂ ಸರಿಸಮ ಕೂಡುವುದಿಲ್ಲ. ಸಪ್ಪೆ ರೋಗ ಬಂದು 100 ಮೊಟ್ಟೆಗೆ 40 ಕೆಜಿ ಬಂದರೆ ಯಾವ ಬೆಲೆಯೂ ಕೈಹಿಡಿಯುವುದಿಲ್ಲ. ಇನ್ನು ರೆಂಬೆ ಸಮೇತ ಸೊಪ್ಪು ಕೊಡುವ ಪದ್ಧತಿಗೆ ಮೊದಲು ಹೋದವರಿಗೆ, ಎಲೆ ಬಿಡಿಸಿ ತಟ್ಟೆಗೆ ಹಾಕುವ ಕೂಲಿ ಉಳಿದು, ಕೆಲಕಾಲ ನಿಜವಾದ ಲಾಭ ಸಿಕ್ಕಿತು. ಎಲ್ಲರೂ ಅದನ್ನೇ ಹಿಡಿದ ಮೇಲೆ ಆ ಉಳಿತಾಯವೂ ಬೆಲೆಯೊಳಗೆ ಕರಗಿತು. ತಟ್ಟೆಯಲ್ಲೇ ಉಳಿದವರಿಗೆ ಆಗ ನಷ್ಟ.

ನನಗೆ ಕೊನೆಗೆ ಅರ್ಥವಾದದ್ದು ಗುತ್ತಿಗೆಯ ವಿಷಯ. ಬೆಲೆ ಮತ್ತೆ 600ಕ್ಕೆ ಬಂದಾಗ, 552 ಖರ್ಚು ಕಳೆದು ಕೆಜಿಗೆ 48 ರೂಪಾಯಿ ಮಿಗುತ್ತದೆ ಎಂದು ಪಕ್ಕದ ಎಕರೆಯನ್ನು ಗುತ್ತಿಗೆಗೆ ಕೇಳಲು ಹೋದೆ. ಜಮೀನಿನವರು 60,000 ಎಂದರು. ನೀರು ಚೆನ್ನಾಗಿರುವ ಜಮೀನು ಅದು, ನನಗಿಂತ ಮೊದಲೇ ಇಬ್ಬರು ಕೇಳಿ ಹೋಗಿದ್ದರು. ಆ ದರದಲ್ಲಿ ಜಮೀನಿನ ಪಾಲು ಬೆಳೆಗೆ 12,000 ಆಗಿ ಒಟ್ಟು ಖರ್ಚು 62,000ಕ್ಕೆ ಹೋಗುತ್ತದೆ, ಕೆಜಿಗೆ ಸುಮಾರು 590. ಬೆಳೆಗಾರನಾಗಿ ನನಗೆ ಮಿಗಬೇಕಾದದ್ದರ ಬಹುಪಾಲನ್ನು ನೀರಿರುವ ನೆಲವೇ ತೆಗೆದುಕೊಂಡಿತ್ತು. ಮನೆಗೆ ಬಂದು ನನ್ನ ಸ್ವಂತ 2 ಎಕರೆಯ ಪುಟದಲ್ಲೂ 8,000 ಹೊಡೆದು ಹಾಕಿ 12,000 ಎಂದು ಬರೆದೆ. ನನ್ನ ಜಮೀನಿಗೂ ಈಗ ಅಷ್ಟೇ ಕೇಳುವವರಿದ್ದಾರೆ. ಪಕ್ಕದ ಎಕರೆ ಹಿಡಿಯಲಿಲ್ಲ. ಆ ವಾರ ಹಳೆ ಲೆಕ್ಕದಂತೆ 150 ಮೊಟ್ಟೆಯ ಚಾಕಿಯನ್ನೇ ತಂದೆ.