ಒಂದೇ ಪುಟದ ಟಿಪ್ಪಣಿ: ನಮ್ಮ ಅಡಿಕೆ ಯಾರ್ಡಿನ ತೂಕದ ಚೀಟಿ

ಶಿರಸಿಯ ಸಹಕಾರಿ ಸಂಘವೊಂದರ ಅಡಿಕೆ ಯಾರ್ಡಿನಲ್ಲಿ ನಾನು ಕೆಲಸ ಮಾಡುತ್ತೇನೆ. ಸೀಸನ್ನಿನಲ್ಲಿ ಚಾಲಿ, ರಾಶಿ ಎರಡೂ ಬಗೆಯ ಅಡಿಕೆ ಒಟ್ಟಿಗೇ ಬಂದು ಬೀಳುತ್ತವೆ. ಪ್ರತಿ ಲಾಟಿನ ತೂಕವನ್ನು ನಾವು ಮೂರು ಸಲ ಬರೆಯುತ್ತಿದ್ದೆವು: ಮೊದಲು ಚೀಟಿಯಲ್ಲಿ, ಮತ್ತೆ ರಿಜಿಸ್ಟರಿನಲ್ಲಿ, ಸಂಜೆ ಕಂಪ್ಯೂಟರಿನಲ್ಲಿ. ಹಣದ ಪಟ್ಟಿ ತಪ್ಪಿದರೆ ಸಿದ್ದಾಪುರದಿಂದ ಬಂದ ರೈತ ಹಣಕ್ಕಾಗಿ ಇನ್ನೊಂದು ದಿನ ಬರಬೇಕು. ಅದನ್ನು ಬದಲಿಸಲು ವ್ಯವಸ್ಥಾಪಕರಿಗೆ ಒಂದು ಪುಟ ಬರೆದೆ.

ಬರೆಯುವ ಮೊದಲು ಒಂದು ವಾರದ ತಿದ್ದುಪಡಿಗಳನ್ನೆಲ್ಲ ತೆಗೆದು, ತಪ್ಪು ಎಲ್ಲಿ ಹುಟ್ಟಿತೆಂದು ನೋಡಿದೆ. ಹದಿನೈದರಲ್ಲಿ ಹನ್ನೊಂದು, ಚೀಟಿಯಿಂದ ರಿಜಿಸ್ಟರಿಗೆ ಇಳಿಸುವಾಗ ಆದವು. ಉಳಿದ ನಾಲ್ಕು ತಕ್ಕಡಿಯ ಹತ್ತಿರವೇ ಆದದ್ದು, ಹೆಚ್ಚಾಗಿ ಖಾಲಿ ಚೀಲದ ತೂಕ ಕಳೆಯುವಾಗ. ಈ ಎಣಿಕೆ ಇಲ್ಲದಿದ್ದರೆ ನಾನು ಹೊಸ ತಕ್ಕಡಿಯನ್ನೇ ಕೇಳುತ್ತಿದ್ದೆನೇನೋ.

ಟಿಪ್ಪಣಿಯ ಮೊದಲ ಸಾಲಿನಲ್ಲೇ ಬೇಡಿಕೆ ಇಟ್ಟೆ: ‘ಒಂದು ತಕ್ಕಡಿಯಲ್ಲಿ ಎರಡು ವಾರ, ನಂಬರು ಮುದ್ರಿಸಿದ ಮೂರು ಪ್ರತಿಯ ಚೀಟಿ ಬಳಸಲು, ರಿಜಿಸ್ಟರು ನಿಲ್ಲಿಸಲು ಒಪ್ಪಿಗೆ ಬೇಕು.’ ಆಮೇಲೆ ಸಮಸ್ಯೆ, ನಾಲ್ಕೇ ಸಾಲು. ಆಯ್ಕೆಗಳು ಮೂರು: ಈಗಿನಂತೆ ಮುಂದುವರಿಯುವುದು, ಮೂರು ಪ್ರತಿಯ ಚೀಟಿ, ತಕ್ಕಡಿಗೇ ಕಂಪ್ಯೂಟರು ಜೋಡಿಸುವುದು. ಮೂರನೆಯದು ನನಗೂ ಇಷ್ಟವೇ. ಆದರೆ ನಮ್ಮ ಹಳೆಯ ತಕ್ಕಡಿಯಿಂದ ಕಂಪ್ಯೂಟರಿಗೆ ಅಂಕಿ ಕಳಿಸುವ ವ್ಯವಸ್ಥೆ ಇಲ್ಲ, ತಕ್ಕಡಿಯನ್ನೇ ಬದಲಿಸಬೇಕು. ಹಾಗಂತಲೇ ಬರೆದೆ.

ಖರ್ಚಿನ ಭಾಗಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಚೀಟಿ ಪುಸ್ತಕಗಳಿಗೆ ಸೀಸನ್ನಿಗೆ ಸುಮಾರು 17,000 ರೂಪಾಯಿ. ಒಂದು ತಿದ್ದುಪಡಿಗೆ ನಲವತ್ತು ನಿಮಿಷ ಬೇಕು. ಹನ್ನೊಂದಕ್ಕೆ ವಾರಕ್ಕೆ ಏಳು ಗಂಟೆಗಿಂತ ತುಸು ಹೆಚ್ಚು. ಗಂಟೆಗೆ 120 ರೂಪಾಯಿಯಂತೆ ಸೀಸನ್ನಿನ ಹದಿನಾರು ವಾರಕ್ಕೆ ಸುಮಾರು 14,000 ಆಗುತ್ತದೆ. ಅಂದರೆ ತಪ್ಪು ಕಡಿಮೆಯಾದದ್ದೊಂದರಿಂದಲೇ ಚೀಟಿಯ ಖರ್ಚು ಮರಳಿ ಬರುವುದಿಲ್ಲ. ಇದನ್ನು ಮುಚ್ಚಿಡದೆ ಬರೆದೆ, ಏಕೆಂದರೆ ಲೆಕ್ಕ ಬಲ್ಲವರು ಮೊದಲು ನೋಡುವುದೇ ಅದನ್ನು. ರಿಜಿಸ್ಟರು ಬರೆಯಲು ದಿನಾ ಹಿಡಿಯುವ ಎರಡು ಗಂಟೆ ಉಳಿಯುವುದನ್ನು ಸೇರಿಸಿದಾಗ ಮಾತ್ರ ಲೆಕ್ಕ ನಮ್ಮ ಕಡೆ ವಾಲುತ್ತದೆ. ಹಾಗಾಗಿ ರಿಜಿಸ್ಟರು ನಿಲ್ಲಿಸದೆ ಚೀಟಿ ಮಾತ್ರ ತಂದರೆ ನಷ್ಟವೇ ಎಂದು ಒಂದು ಸಾಲು ಸೇರಿಸಿದೆ. ಚೀಲದ ತೂಕದ ತಪ್ಪು ಇದರಿಂದ ಹೋಗುವುದಿಲ್ಲ ಎಂದೂ, ಆ ತಕ್ಕಡಿಯ ತಿದ್ದುಪಡಿ ಅರ್ಧಕ್ಕಿಳಿಯದಿದ್ದರೆ ಹಳೆಯ ಪದ್ಧತಿಗೇ ಮರಳುತ್ತೇವೆ ಎಂದೂ ಕೊನೆಗೆ ಬರೆದೆ.

ವ್ಯವಸ್ಥಾಪಕರು ಓದಿ ಕೇಳಿದ್ದು ಒಂದೇ: “ಮೂರನೇ ಪ್ರತಿ ಓದೂಕೆ ಬರ್ತದಾ?” ಬರೆಸಿ ನೋಡಿದರೆ ಅದು ಮಸುಕಾಗಿತ್ತು. ಮೇಲಿನ ಪ್ರತಿ ಕಂಪ್ಯೂಟರಿಗೆ, ಎರಡನೆಯದು ರೈತರಿಗೆ, ಮಸುಕಾದದ್ದು ಕಡತಕ್ಕೆ ಎಂದು ಟಿಪ್ಪಣಿಯಲ್ಲಿ ತಿದ್ದಿ ಕೊಟ್ಟೆ. ಒಂದು ತಕ್ಕಡಿಗೆ ಸಹಿ ಹಾಕಿದರು.