ಮೂವತ್ತೆಂಟು ಪುಟದ ಪಾಠ, ನಾಲ್ಕು ಪುಟದ ಟಿಪ್ಪಣಿ

ರಾಯಚೂರಿನಲ್ಲಿ ಎಂಜಿನಿಯರಿಂಗ್ ಅಂತಿಮ ವರ್ಷದವರಿಗೆ ನಾನು ಮಷೀನ್ ಲರ್ನಿಂಗ್ ಕಲಿಸುತ್ತೇನೆ. ಕಲಿತ ಮಾಹಿತಿಯನ್ನೇ ಮಾದರಿ ಬಾಯಿಪಾಠ ಮಾಡಿ ಹೊಸದರಲ್ಲಿ ಎಡವುವುದು ಓವರ್‌ಫಿಟಿಂಗ್. ಮಾಹಿತಿಯ ಪ್ರತಿ ಲಕ್ಷಣಕ್ಕೆ ಮಾದರಿ ಕೊಡುವ ತೂಕ, ಅಂದರೆ ಗುಣಾಂಕ, ದೊಡ್ಡದಾದಷ್ಟೂ ದಂಡ ಹಾಕಿ ಅದನ್ನು ತಡೆಯುವುದು ರೆಗ್ಯುಲರೈಸೇಶನ್. ಇವೆರಡರ ಪಾಠ ನಮ್ಮ ಪಠ್ಯದಲ್ಲಿ ಮೂವತ್ತೆಂಟು ಪುಟ ಇದೆ. ಮೊದಲ ಸಲ ಅದನ್ನು ಸಂಕ್ಷೇಪಿಸಲು ಕೂತಾಗ ಪ್ರತಿ ಉಪಶೀರ್ಷಿಕೆಯ ಕೆಳಗೆ ಎರಡೆರಡು ವಾಕ್ಯ ಬರೆದೆ. ಹನ್ನೊಂದು ಪುಟವಾಯಿತು. ಹುಡುಗರು ಅದನ್ನು ಬಾಯಿಪಾಠ ಮಾಡಿದರು, ಪರೀಕ್ಷೆಯಲ್ಲಿ ಬರೆದರು. ಪ್ರಾಜೆಕ್ಟಿಗೆ ಬಂದಾಗ ಮಾತ್ರ ಅದು ಯಾರಿಗೂ ನೆನಪಾಗಲಿಲ್ಲ.

ಎರಡನೇ ಸಲ ಪುಸ್ತಕ ಮುಚ್ಚಿಟ್ಟು ಬರೆದೆ. ಪ್ರತಿ ವಿಷಯಕ್ಕೂ ಒಂದೇ ಪ್ರಶ್ನೆ ಕೇಳಿಕೊಂಡೆ: ಇದು ಗೊತ್ತಿಲ್ಲದಿದ್ದರೆ ಹುಡುಗರು ಯಾವ ತಪ್ಪು ನಿರ್ಧಾರ ತಗೊಳ್ತಾರೆ? ಉತ್ತರ ಸಿಗದ ಭಾಗವನ್ನು ಬಿಟ್ಟೆ. ಸೂತ್ರಗಳ ಸಾಧನೆಗಳೆಲ್ಲ ಹಾಗೇ ಹೋದವು. ಕೊನೆಗೆ ಉಳಿದದ್ದು ನಾಲ್ಕು ಪುಟ ಟಿಪ್ಪಣಿ, ಅರ್ಧ ಪುಟ ಚೆಕ್‌ಲಿಸ್ಟ್.

ರಿಡ್ಜ್ ಮತ್ತು ಲಾಸ್ಸೊ ಎಂಬ ಎರಡು ಬಗೆಯ ದಂಡಗಳ ನಡುವಿನ ವ್ಯತ್ಯಾಸ ಹೇಳಲು ಪುಸ್ತಕದಲ್ಲಿ ವೃತ್ತ ಮತ್ತು ವಜ್ರಾಕಾರದ ಚಿತ್ರವಿದೆ. ಚಿತ್ರ ಸರಿಯೇ, ಆದರೆ ಅದನ್ನು ನೋಡಿ ಅರ್ಥ ಮಾಡಿಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ. ಅದರ ಬದಲು ಹತ್ತಿ ಮಾರುಕಟ್ಟೆಯ ಲೆಕ್ಕ ಬರೆದೆ. ನೂರಕ್ಕೆ ಇಷ್ಟು ಎಂದು ಕಡಿತ ಮಾಡಿದರೆ ದೊಡ್ಡ ರೈತನಿಗೂ ಸಣ್ಣ ರೈತನಿಗೂ ಕೈಯಲ್ಲಿ ಏನಾದರೂ ಉಳಿಯುತ್ತದೆ. ಲಾರಿ ಬಾಡಿಗೆ ಎಂದು ಎಲ್ಲರಿಂದಲೂ ಒಂದೇ ಮೊತ್ತ ಮುರಿದುಕೊಂಡರೆ ಒಂದೇ ಚೀಲ ತಂದವನಿಗೆ ಸೊನ್ನೆ. ರಿಡ್ಜ್ ಮೊದಲನೆಯದು, ಲಾಸ್ಸೊ ಎರಡನೆಯದು. ಒಂದಕ್ಕೊಂದು ಸಂಬಂಧವಿಲ್ಲದ, ಒಂದೇ ಅಳತೆಗೆ ತಂದ ಮೂರು ಲಕ್ಷಣಗಳ ಗುಣಾಂಕಗಳು 8, 2, 0.5 ಇವೆ ಎನ್ನಿ. ರಿಡ್ಜ್ ಅವನ್ನು ಅರ್ಧಕ್ಕಿಳಿಸಿದರೆ 4, 1, 0.25. ಲಾಸ್ಸೊ ತಲಾ 1 ಕಳೆದರೆ 7, 1, ಮತ್ತು ಮೂರನೆಯದು ಸೊನ್ನೆ. ಲಾಸ್ಸೊ ಲಕ್ಷಣಗಳನ್ನು ಕೈಬಿಡುವುದು ಯಾಕೆ ಎಂಬುದಕ್ಕೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಲಕ್ಷಣಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಲೆಕ್ಕ ಇಷ್ಟು ಸರಳವಲ್ಲ ಎಂಬ ಒಂದು ಸಾಲನ್ನೂ ಸೇರಿಸಿದ್ದೇನೆ. ಆಗ ಲಾಸ್ಸೊ ಜೋಡಿಯಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬಹುದು. ಬಿಟ್ಟದ್ದು ಕೆಲಸಕ್ಕೆ ಬಾರದ್ದು ಎಂದು ವರದಿಯಲ್ಲಿ ಬರೆಯಬಾರದು.

ಅಳತೆಯ ಮಾತೂ ಹೀಗೇ ಮನೆಯ ಲೆಕ್ಕದಿಂದಲೇ ಬಂತು. ಹೊಲದ ವಿಸ್ತೀರ್ಣವನ್ನು ಎಕರೆ ಬಿಟ್ಟು ಗುಂಟೆಯಲ್ಲಿ ಬರೆದರೆ ಗುಣಾಂಕ ನಲವತ್ತರಲ್ಲಿ ಒಂದು ಪಾಲಾಗುತ್ತದೆ. ರಿಡ್ಜ್ ದಂಡ ಹಾಕುವುದು ಗುಣಾಂಕದ ವರ್ಗಕ್ಕೆ, ಹಾಗಾಗಿ ದಂಡ 1600ರಲ್ಲಿ ಒಂದು ಪಾಲು. ಹೊಲ ಅದೇ, ಬೆಳೆ ಅದೇ, ಆದರೆ ಆ ಲಕ್ಷಣ ದಂಡದಿಂದ ಹೆಚ್ಚುಕಡಿಮೆ ತಪ್ಪಿಸಿಕೊಂಡಿತು. ಅದಕ್ಕೇ ಮೊದಲು ಎಲ್ಲ ಕಾಲಮ್ಮುಗಳನ್ನು ಒಂದೇ ಅಳತೆಗೆ ತರಬೇಕು.

ಟಿಪ್ಪಣಿಯಲ್ಲಿ ಅತಿ ಮುಖ್ಯ ಎಂದು ನಾನು ನಂಬುವ ಭಾಗ ಮಾತ್ರ ಪುಸ್ತಕದಿಂದ ಬಂದದ್ದಲ್ಲ. ಒಂದು ಪ್ರಾಜೆಕ್ಟಿನಿಂದ ಬಂದದ್ದು.

ನಾಲ್ವರು ವಿದ್ಯಾರ್ಥಿಗಳು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಒಂಬತ್ತು ಊರುಗಳ 84 ಗದ್ದೆಗಳ ಮಾಹಿತಿ ತಂದಿದ್ದರು. ಎಕರೆಗೆ ಎಷ್ಟು ಚೀಲ ಭತ್ತ ಬಂದೀತು ಎಂದು ಹೇಳುವ ಮಾದರಿ ಬೇಕಿತ್ತು. ಹನ್ನೆರಡು ಲಕ್ಷಣಗಳಿದ್ದವು. ಅವುಗಳ ವರ್ಗ ಹನ್ನೆರಡು, ಎರಡೆರಡರ ಗುಣಲಬ್ಧ ಅರವತ್ತಾರು, ಎಲ್ಲ ಸೇರಿ 90 ಕಾಲಮ್ಮು. ಗದ್ದೆಗಿಂತ ಕಾಲಮ್ಮೇ ಹೆಚ್ಚು. ಇಂಥಲ್ಲಿ ದಂಡವಿಲ್ಲದ ಮಾದರಿ ಟ್ರೇನಿಂಗ್ ಗದ್ದೆಗಳ ಇಳುವರಿಯನ್ನು ಒಂದೂ ತಪ್ಪದೆ ಹೇಳುತ್ತದೆ, ಹೊಸ ಗದ್ದೆಗೆ ಏನೋ ಒಂದು ಹೇಳುತ್ತದೆ. ಇದು ಅವರಿಗೆ ಗೊತ್ತಿತ್ತು, ರಿಡ್ಜ್ ಹಾಕಿದ್ದರು. ಮಾಹಿತಿಯನ್ನು ಭಾಗ ಮಾಡಿ ಸರದಿಯಂತೆ ಒಂದೊಂದನ್ನು ಪರೀಕ್ಷೆಗಿಡುವ ಕ್ರಾಸ್ ವ್ಯಾಲಿಡೇಶನ್ ಮಾಡಿ ದಂಡದ ಪ್ರಮಾಣವನ್ನೂ ಆರಿಸಿದ್ದರು. ಸರಾಸರಿ ತಪ್ಪು ಎಕರೆಗೆ ಸುಮಾರು ಎರಡು ಚೀಲ. ನನಗೂ ಖುಷಿಯಾಯಿತು.

ತಂಡದ ಒಬ್ಬ ಹುಡುಗಿಗೆ ಮಾತ್ರ ಸಮಾಧಾನ ಇರಲಿಲ್ಲ. ಅವಳ ಊರು ಕಾಲುವೆಯ ಕೊನೆಯಲ್ಲಿ, ಆ ಒಂಬತ್ತರಲ್ಲಿ ಇರಲಿಲ್ಲ. ಅಪ್ಪನ ಗದ್ದೆಯ ವಿವರ ಹಾಕಿ ನೋಡಿದ್ದಳು. "ಮೇಡಂ, ಎಂಟು ಚೀಲ ಜಾಸ್ತಿ ತೋರಿಸ್ತದ್ರಿ. ನಮ್ಮೂರಿಗೆ ನೀರು ಬರೋದೇ ಕೊನೀಗೆ. ಮ್ಯಾಲಿನ ಊರಾಗ ನಾಟಿ ಮುಗಿದ ಮ್ಯಾಲ ನಮ್ಮದು ಶುರು ಆಗ್ತದ್ರಿ."

ತಪ್ಪು ಎಲ್ಲಿತ್ತೆಂದರೆ ಗದ್ದೆಗಳನ್ನು ಹಂಚಿದ ರೀತಿಯಲ್ಲಿ. ಅವರು 84 ಗದ್ದೆಗಳನ್ನು ಇಸ್ಪೀಟಿನಂತೆ ಕಲಸಿ ಐದು ಭಾಗ ಮಾಡಿದ್ದರು. ಹಾಗಾಗಿ ಪರೀಕ್ಷೆಗಿಟ್ಟ ಪ್ರತಿ ಗದ್ದೆಯ ಪಕ್ಕದ ಗದ್ದೆ ಟ್ರೇನಿಂಗ್‌ನಲ್ಲಿ ಇತ್ತು. ನೀರು ಬಿಟ್ಟ ದಿನಾಂಕ, ಅಕ್ಷಾಂಶ, ಕಾಲುವೆಯಿಂದ ದೂರ, ಇವು ಒಂದು ಊರಿನೊಳಗೆ ಬಹುತೇಕ ಒಂದೇ. ಮಾದರಿ ಇವನ್ನು ಊರಿನ ಗುರುತಿನಂತೆ ಹಿಡಿದು ಆ ಊರಿನ ಸರಾಸರಿಯನ್ನು ನೆನಪಿಟ್ಟುಕೊಂಡಿತ್ತು. ಹಂಚಿಕೆ ಆ ನೆನಪಿಗೇ ಅಂಕ ಕೊಟ್ಟಿತು, ಅದಕ್ಕೇ ಆಯ್ಕೆಯಾದ ದಂಡ ತೀರ ಸಣ್ಣದಿತ್ತು. ದಂಡ ಎಷ್ಟಿರಬೇಕೆಂದು ತೀರ್ಮಾನಿಸುವುದು ಹಂಚಿಕೆ. ಹಂಚಿಕೆ ತಪ್ಪಿದರೆ ರೆಗ್ಯುಲರೈಸೇಶನ್ ಇದ್ದೂ ಓವರ್‌ಫಿಟಿಂಗ್ ಉಳಿಯುತ್ತದೆ, ಮತ್ತು ಅಂಕಿಯಲ್ಲಿ ಅದು ಕಾಣುವುದಿಲ್ಲ.

ಆ ಸಂಜೆ ಇಡೀ ಊರನ್ನೇ ಹೊರಗಿಡುವಂತೆ ಬದಲಿಸಿದೆವು:

```python
pipe = make_pipeline(StandardScaler(), Ridge())
search = GridSearchCV(
    pipe,
    {"ridge__alpha": [0.01, 0.1, 1, 10, 100, 1000]},
    cv=GroupKFold(n_splits=5),
    scoring="neg_mean_absolute_error",
)
search.fit(X, y, groups=village)
```

ಹಳೆಯ ದಂಡದಲ್ಲೇ ತಪ್ಪು ಎರಡರಿಂದ ಆರು ಚೀಲಕ್ಕೆ ಏರಿತು. ಯಾವ ಮಾದರಿಯೂ ಇಲ್ಲದೆ ಎಲ್ಲರಿಗೂ ಸರಾಸರಿ ಇಳುವರಿಯನ್ನೇ ಹೇಳಿದ್ದರೆ ತಪ್ಪು ಐದು ಚೀಲ ಇರುತ್ತಿತ್ತು. ಅಂದರೆ ಹೊಸ ಊರಿಗೆ ನಮ್ಮ ಮಾದರಿ ಸರಾಸರಿಗಿಂತ ಕೆಟ್ಟದ್ದಾಗಿತ್ತು. ಹೊಸ ಹುಡುಕಾಟ ದಂಡದ ಪ್ರಮಾಣವಾದ `alpha`ವನ್ನು 100 ಎಂದು ಆರಿಸಿತು, ತಪ್ಪು ನಾಲ್ಕು ಚೀಲಕ್ಕೆ ಬಂತು. ಎರಡಕ್ಕಿಂತ ನಾಲ್ಕು ಕೆಟ್ಟದಾಗಿ ಕಾಣುತ್ತದೆ, ಆದರೆ ಅವಳ ಅಪ್ಪನಿಗೆ ಹೇಳಬಹುದಾದ ಅಂಕಿ ಅದೊಂದೇ. ಇದಕ್ಕೂ ಮಿತಿಯಿದೆ: ಒಂಬತ್ತೇ ಊರು, ಒಂದು ಊರು ಬದಲಾದರೂ ಈ ನಾಲ್ಕು ಅಲುಗಾಡುತ್ತದೆ. ಹಾಗಾಗಿ ಸರಾಸರಿಯ ಜೊತೆ ಪ್ರತಿ ಭಾಗದ ತಪ್ಪನ್ನೂ ಬರೆಸುತ್ತೇನೆ.

ಚೆಕ್‌ಲಿಸ್ಟ್ ಈ ಘಟನೆಯ ಕ್ರಮದಲ್ಲೇ ಇದೆ. ಮೊದಲ ಸಾಲು: ಈ ಮಾದರಿಯನ್ನು ಯಾರ ಮೇಲೆ ಬಳಸುತ್ತೀರಿ? ಹೊಸ ಊರಿಗಾದರೆ ಊರನ್ನು, ಮುಂದಿನ ವರ್ಷಕ್ಕಾದರೆ ಕೊನೆಯ ವರ್ಷವನ್ನು ಹೊರಗಿಡಿ. ಎರಡನೆಯದು, ಎಲ್ಲರಿಗೂ ಸರಾಸರಿಯನ್ನೇ ಹೇಳಿದರೆ ಆಗುವ ತಪ್ಪನ್ನು ಎಲ್ಲಕ್ಕಿಂತ ಮೊದಲು ಬರೆದಿಡಿ. ಮೂರು, ಅಳತೆ ಸರಿಪಡಿಸುವ ಕೆಲಸ ಪೈಪ್‌ಲೈನ್ ಒಳಗೇ ನಡೆಯಲಿ. ಹೊರಗೆ ಮಾಡಿದರೆ ಪರೀಕ್ಷೆಯ ಗದ್ದೆಗಳ ಸರಾಸರಿ ಟ್ರೇನಿಂಗ್‌ಗೆ ಸೋರುತ್ತದೆ. ನಾಲ್ಕು, ಟ್ರೇನಿಂಗ್ ತಪ್ಪೇ ದೊಡ್ಡದಿದ್ದರೆ ದಂಡ ಹೆಚ್ಚಿಸಬೇಡಿ, ಮಾದರಿಗೆ ಬೇಕಾದ ಲಕ್ಷಣವೇ ಇಲ್ಲದಿರಬಹುದು. ಐದು, ಆಯ್ಕೆಯಾದ `alpha` ಪಟ್ಟಿಯ ತುದಿಯಲ್ಲಿ ಬಿದ್ದರೆ ಪಟ್ಟಿಯನ್ನು ಆ ಕಡೆ ಬೆಳೆಸಿ. ಆರು, ಒಂದೆರಡು ಊರು ಬಿಟ್ಟು ಮತ್ತೆ ಕಲಿಸಿ. ಗುಣಾಂಕದ ಚಿಹ್ನೆಯೇ ತಿರುಗಿದರೆ ಅದರ ಮೇಲೆ ಮಾತು ಕಟ್ಟಬೇಡಿ. ಏಳು, ಎರಡು ಮಾದರಿಗಳ ನಡುವಿನ ವ್ಯತ್ಯಾಸ ಭಾಗದಿಂದ ಭಾಗಕ್ಕೆ ಆಗುವ ಏರಿಳಿತಕ್ಕಿಂತ ಚಿಕ್ಕದಿದ್ದರೆ ಸರಳವಾದುದನ್ನೇ ಇಟ್ಟುಕೊಳ್ಳಿ.

ಎಂಟನೆಯ ಸಾಲು ಈ ವರ್ಷ ಸೇರಿದ್ದು. ಆಯ್ಕೆಯೆಲ್ಲ ಮುಗಿದ ಮೇಲೆ ಒಂದೇ ಸಲ ನೋಡಬೇಕಾದ ಟೆಸ್ಟ್ ಮಾಹಿತಿಯನ್ನು ಹುಡುಗರು ದಿನಕ್ಕೆ ಹತ್ತು ಸಲ ನೋಡುತ್ತಾರೆ. ನೋಡಿ ನೋಡಿ ಅದಕ್ಕೇ ಹೊಂದಿಸುತ್ತಾರೆ. ಹಾಗಾಗಿ ಈಗ ಎರಡು ಊರಿನ ಫೈಲನ್ನು ನಾನೇ ಇಟ್ಟುಕೊಳ್ಳುತ್ತೇನೆ, ಮಾದರಿ ಇದೇ ಎಂದು ಸಹಿ ಮಾಡಿ ಕೊಟ್ಟ ದಿನ ತೆರೆಯುತ್ತೇನೆ.