ಮುಟ್ಟುವ ವೃತ್ತಗಳನ್ನು ಗೆರೆ ಮಾಡಿದ್ದು: ಇನ್ವರ್ಷನ್ ಜೊತೆ ನನ್ನ ಅನುಭವ

ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಬಿಲ್ಡಿಂಗ್‌ನಲ್ಲೇ ಅಕ್ಕನ ಮನೆ. ಅವಳ ಮಗಳು ಈಗ ಹನ್ನೊಂದನೇ ಕ್ಲಾಸ್, ಗಣಿತ ಒಲಿಂಪಿಯಾಡ್‌ನ ಆರ್‌ಎಂಒಗೆ ಓದುತ್ತಿದ್ದಾಳೆ. ಭಾನುವಾರ ತಿಂಡಿ ಆದ ಮೇಲೆ ಇಬ್ಬರೂ ಜಾಮಿಟ್ರಿ ಹಿಡಿದು ಕೂರುತ್ತೇವೆ. ಹೋದ ತಿಂಗಳು ಅವಳು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ಚಿತ್ರ ಬರೆದುಕೊಂಡು ಬಂದಳು. ಇನ್ವರ್ಷನ್ ಯಾಕೆ ಬೇಕು ಅಂತ ಕೇಳಿದವರಿಗೆ ನಾನು ಈಗ ಆ ಚಿತ್ರವನ್ನೇ ತೋರಿಸುತ್ತೇನೆ.

ಚಿತ್ರ ಹೀಗಿದೆ. AB ಗೆರೆ 6 ಸೆಂ.ಮೀ. ಅದರ ಮೇಲೆ A ಯಿಂದ 4 ಸೆಂ.ಮೀ ದೂರದಲ್ಲಿ C. AB ವ್ಯಾಸವಾಗಿ ಒಂದು ದೊಡ್ಡ ವೃತ್ತ, AC ವ್ಯಾಸವಾಗಿ ಅದರೊಳಗೆ ಇನ್ನೊಂದು. ಎರಡೂ A ಯಲ್ಲಿ ಮುಟ್ಟುತ್ತವೆ. ನಡುವೆ ಉಳಿದ ಚಂದ್ರನ ಆಕಾರದ ಜಾಗದಲ್ಲಿ CB ವ್ಯಾಸದ ವೃತ್ತ ಕೂರುತ್ತದೆ, ಅದು 0ನೇ ವೃತ್ತ. ಅದರ ಮೇಲೆ 1ನೆಯದು, ಆಮೇಲೆ 2ನೆಯದು, ಹೀಗೆ ಸರಪಳಿ. ಪ್ರತಿಯೊಂದೂ ದೊಡ್ಡ ವೃತ್ತವನ್ನು, ಒಳಗಿನ ವೃತ್ತವನ್ನು, ತನ್ನ ಹಿಂದಿನದನ್ನು ಮುಟ್ಟಬೇಕು. ತೋರಿಸಬೇಕಾದ್ದು ಏನೆಂದರೆ, n ನೇ ವೃತ್ತದ ಕೇಂದ್ರ AB ಯಿಂದ ಎಷ್ಟು ಎತ್ತರದಲ್ಲಿದೆಯೋ ಅದು ಆ ವೃತ್ತದ ತ್ರಿಜ್ಯದ ಸರಿಯಾಗಿ 2n ಪಟ್ಟು.

ಇದು ಅಲೆಕ್ಸಾಂಡ್ರಿಯಾದ ಪಪ್ಪಸ್ 4ನೇ ಶತಮಾನದಲ್ಲೇ ಬರೆದಿಟ್ಟ ಮಾತು. ಇನ್ವರ್ಷನ್ ಬಂದದ್ದು 19ನೇ ಶತಮಾನದಲ್ಲಿ, ಹಾಗಾಗಿ ಅವನು ಅದಿಲ್ಲದೆಯೇ ಸಾಧಿಸಿದ್ದ. ನಾನೂ ಹಿಂದೊಮ್ಮೆ ಪೈಥಾಗೊರಸ್ ಹಾಕಿ ಒಂದೊಂದೇ ವೃತ್ತ ಬಿಡಿಸಲು ಹೊರಟು, 2ನೇ ವೃತ್ತದ ಹತ್ತಿರ ಬೇಸತ್ತು ನಿಲ್ಲಿಸಿದ್ದೆ.

ಇನ್ವರ್ಷನ್ ನಿಯಮ ಚಿಕ್ಕದು. ಒಂದು ಬಿಂದು O ಆರಿಸಿ, ಒಂದು ಉದ್ದ k ಆರಿಸಿ. P ಎಂಬ ಬಿಂದುವನ್ನು ಅದೇ ಕಿರಣದ ಮೇಲೆ P' ಗೆ ಕಳಿಸಿ:

OP · OP' = k²

ಹತ್ತಿರ ಇದ್ದದ್ದು ದೂರ ಹೋಗುತ್ತದೆ, ದೂರ ಇದ್ದದ್ದು ಹತ್ತಿರ ಬರುತ್ತದೆ. ಪ್ರಶ್ನೆ ಇರುವುದು O ಎಲ್ಲಿ ಇಡಬೇಕು ಅನ್ನುವುದರಲ್ಲಿ.

ಅವಳು C ಯಲ್ಲಿ ಇಟ್ಟಳು. "ಮಾಮಾ, ಅಲ್ಲೂ ಎರಡು ವೃತ್ತ ಮುಟ್ಟುತ್ತವಲ್ವಾ?" ಹೌದು, ಮುಟ್ಟುತ್ತವೆ. AC ವೃತ್ತ ಮತ್ತು CB ವೃತ್ತ ಎರಡೂ ಸಮಾಂತರ ಗೆರೆಗಳಾದವು, ದೊಡ್ಡ ವೃತ್ತ ಅವುಗಳ ನಡುವೆ ಒಂದು ವೃತ್ತವಾಗಿ ಕೂತಿತು. 1ನೇ ವೃತ್ತ ಅದರ ಮೇಲೆ ಅಷ್ಟೇ ಗಾತ್ರದ್ದಾಗಿ ಬಂತು, ಅಲ್ಲಿವರೆಗೆ ಚೆನ್ನಾಗಿತ್ತು. ಆದರೆ 2ನೆಯದು CB ವೃತ್ತವನ್ನು ಮುಟ್ಟುವುದಿಲ್ಲ. ಅದು ಒಂದು ಗೆರೆ ಮತ್ತು ಎರಡು ವೃತ್ತಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತು, ಮೊದಲಿದ್ದಷ್ಟೇ ಕಷ್ಟ. ಹಾಗಾಗಿ ನಾನು ನೋಡುವುದು ಇಷ್ಟು: ಸರಪಳಿಯ ಎಲ್ಲ ವೃತ್ತಗಳೂ ಯಾವ ಎರಡನ್ನು ಮುಟ್ಟುತ್ತವೆಯೋ, ಆ ಎರಡು ಒಂದನ್ನೊಂದು ಮುಟ್ಟುವ ಜಾಗ ಯಾವುದು? ಇಲ್ಲಿ ಅದು A.

A ಯ ಮೂಲಕ ಹೋಗುವ ವೃತ್ತ ಗೆರೆ ಆಗುವುದು ಯಾಕೆ ಅಂತ ಸುಮ್ನೆ ಒಪ್ಪಿಕೊಳ್ಳಬಾರದು, ಒಂದು ಸಲ ಬರೆದು ನೋಡಬೇಕು. AB ವ್ಯಾಸದ ವೃತ್ತದ ಮೇಲೆ P ತೆಗೆದುಕೊಳ್ಳಿ. APB ಕೋನ 90 ಡಿಗ್ರಿ. AP·AP' ಮತ್ತು AB·AB' ಎರಡೂ ಒಂದೇ k² ಆದ್ದರಿಂದ APB ಮತ್ತು AB'P' ಸಮರೂಪ ತ್ರಿಭುಜಗಳು. ಅಂದರೆ AB'P' ಕೋನವೂ 90. P ಎಲ್ಲೇ ಇರಲಿ, P' ಬೀಳುವುದು B' ನಲ್ಲಿ AB ಗೆ ಎಳೆದ ಲಂಬದ ಮೇಲೆ. AC ವೃತ್ತಕ್ಕೂ ಇದೇ ಮಾತು. ಎರಡೂ ಒಂದೇ ಗೆರೆಗೆ ಲಂಬ, ಹಾಗಾಗಿ ಸಮಾಂತರ. ವೃತ್ತಗಳು ಸೇರುತ್ತಿದ್ದ ಒಂದೇ ಬಿಂದು A ಅನಂತಕ್ಕೆ ಹೋಯಿತು, ಗೆರೆಗಳಿಗೆ ಸೇರಲು ಜಾಗವೇ ಉಳಿಯಲಿಲ್ಲ.

k² = 12 ಇಟ್ಟೆವು, ಯಾಕೆಂದರೆ 6 ಮತ್ತು 4 ಎರಡರಿಂದಲೂ ಭಾಗವಾಗುತ್ತದೆ. A ಯನ್ನು (0,0) ಅಂದುಕೊಂಡರೆ ದೊಡ್ಡ ವೃತ್ತ x = 2 ಗೆರೆ, ಒಳಗಿನದು x = 3 ಗೆರೆ. ಚಂದ್ರನ ಆಕಾರದ ಜಾಗ ಈಗ 1 ಅಗಲದ ನೇರ ಪಟ್ಟಿ. A ಯ ಮೂಲಕ ಹೋಗದ ವೃತ್ತಗಳು ವೃತ್ತಗಳಾಗಿಯೇ ಉಳಿಯುತ್ತವೆ, ಮುಟ್ಟುವುದು ಮುಟ್ಟುತ್ತಲೇ ಇರುತ್ತದೆ. ಹಾಗಾಗಿ ಇಡೀ ಸರಪಳಿ ಆ ಪಟ್ಟಿಯೊಳಗೆ ಒಂದರ ಮೇಲೊಂದು ಇಟ್ಟ ಸಮ ವೃತ್ತಗಳಾಯಿತು. ಎಲ್ಲದರ ತ್ರಿಜ್ಯ 1/2, ಕೇಂದ್ರಗಳು (2.5, 0), (2.5, 1), (2.5, 2)... ಡಬ್ಬಿಯಲ್ಲಿ ಕೋಡುಬಳೆ ಜೋಡಿಸಿಟ್ಟ ಹಾಗೆ.

ಇಲ್ಲೇ ಜಾಸ್ತಿ ಜನ ಜಾರುವುದು, ಅವಳೂ ಜಾರಿದಳು. 1ನೇ ವೃತ್ತ ಬೇಕೆಂದು (2.5, 1) ಅನ್ನೇ ವಾಪಸ್ ಇನ್ವರ್ಟ್ ಮಾಡಿ, ಕೇಂದ್ರ ಸುಮಾರು (4.14, 1.66) ಅಂತ ಬರೆದಳು. ಇದು ತಪ್ಪು. ವೃತ್ತ ವೃತ್ತಕ್ಕೆ ಹೋಗುತ್ತದೆ, ಆದರೆ ಕೇಂದ್ರ ಕೇಂದ್ರಕ್ಕೆ ಹೋಗುವುದಿಲ್ಲ. ಸರಿಯಾದ ದಾರಿ ಏನೆಂದರೆ, A ಯಿಂದ ಪಟ್ಟಿಯೊಳಗಿನ n ನೇ ವೃತ್ತಕ್ಕೆ ಎಳೆದ ಸ್ಪರ್ಶಕದ ವರ್ಗ ತೆಗೆಯುವುದು. ಅದು 2.5² + n² − 0.5² = 6 + n². ಮೂಲ ವೃತ್ತವು ಪಟ್ಟಿಯೊಳಗಿನ ಈ ವೃತ್ತವನ್ನು A ಯಿಂದ 12/(6 + n²) ಪಟ್ಟು ಹಿಗ್ಗಿಸಿದ್ದು ಅಥವಾ ಕುಗ್ಗಿಸಿದ್ದು. ಆದ್ದರಿಂದ:

r = 6/(6 + n²), ಕೇಂದ್ರ = (30/(6 + n²), 12n/(6 + n²))

n = 1 ಆದರೆ ತ್ರಿಜ್ಯ 6/7, ಕೇಂದ್ರ (30/7, 12/7). ತಾಳೆ ನೋಡಿದೆವು. ದೊಡ್ಡ ವೃತ್ತದ ಕೇಂದ್ರ (3, 0) ಯಿಂದ ದೂರ 15/7, ಅದು 3 − 6/7. ಒಳಗಿನದರ ಕೇಂದ್ರ (2, 0) ಯಿಂದ 20/7, ಅದು 2 + 6/7. ಎರಡೂ ಮುಟ್ಟುತ್ತವೆ! ಅವಳ ಮೊದಲಿನ ಉತ್ತರದಲ್ಲಿ ಈ ಎರಡು ದೂರಗಳು ಹೊಂದುತ್ತಲೇ ಇರಲಿಲ್ಲ. ಕೇಂದ್ರದ ತಪ್ಪು ಹಿಡಿಯಲು ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ.

ಎತ್ತರ 12n/(6 + n²), ತ್ರಿಜ್ಯ 6/(6 + n²). ಭಾಗಿಸಿದರೆ 2n. ಮುಗಿಯಿತು.

ಆದರೆ ಪರೀಕ್ಷೆಯಲ್ಲಿ ನಾನಾದರೆ ಲೆಕ್ಕವನ್ನೂ ಮಾಡುವುದಿಲ್ಲ. k ಅನ್ನು n ನೇ ವೃತ್ತಕ್ಕೆ A ಯಿಂದ ಎಳೆದ ಸ್ಪರ್ಶಕದ ಉದ್ದಕ್ಕೇ ಸಮ ಮಾಡುತ್ತೇನೆ. A ಯಿಂದ ಹೊರಟ ಗೆರೆ ಆ ವೃತ್ತವನ್ನು P, Q ಗಳಲ್ಲಿ ಕಡಿದರೆ AP·AQ = k², ಅಂದರೆ P ಮತ್ತು Q ಜಾಗ ಬದಲಿಸಿಕೊಳ್ಳುತ್ತವೆ, ವೃತ್ತ ಮಾತ್ರ ಇದ್ದಲ್ಲೇ ಇರುತ್ತದೆ. ಉಳಿದವು ಬಂದು ಅದರ ಕೆಳಗೆ ಅದೇ ಗಾತ್ರದಲ್ಲಿ ಪೇರಿಸಿಕೊಳ್ಳುತ್ತವೆ. 0ನೆಯದರ ಕೇಂದ್ರ AB ಮೇಲೆ, ಅಲ್ಲಿಂದ n ವ್ಯಾಸ ಮೇಲೆ n ನೆಯದು. ಎತ್ತರ 2n ತ್ರಿಜ್ಯ. ಒಂದೇ ಒಂದು ಸಂಖ್ಯೆ ಬೇಕಾಗಲಿಲ್ಲ. ಉತ್ತರ ಬರೆಯುವಾಗ "ಈ ವೃತ್ತ ತನಗೆ ತಾನೇ ಹೋಗುತ್ತದೆ" ಅನ್ನುವುದಕ್ಕೆ ಕಾರಣದ ಆ ಒಂದು ಸಾಲು ಬಿಡಬೇಡ ಅಂತ ಅವಳಿಗೆ ಎರಡು ಸಲ ಹೇಳಿದೆ.

ಎಲ್ಲ ಕಡೆ ಇದು ನಡೆಯುವುದಿಲ್ಲ. ಪ್ರಶ್ನೆಯಲ್ಲಿ ಕೇಂದ್ರಗಳೇ ಮುಖ್ಯವಾದರೆ, ಅಥವಾ A ಯ ಮೂಲಕ ಹೋಗದ ಗೆರೆಗಳು ಜಾಸ್ತಿ ಇದ್ದರೆ, ನಾನು ಇದನ್ನು ಮುಟ್ಟುವುದಿಲ್ಲ. ಅಂಥ ಪ್ರತಿ ಗೆರೆಯೂ ವೃತ್ತವಾಗಿ ಚಿತ್ರ ಇನ್ನೂ ಗೋಜಲಾಗುತ್ತದೆ.

ಮುಂದಿನ ಭಾನುವಾರ ಅವಳೇ ಒಂದು ಪ್ರಶ್ನೆ ತಂದಳು. "CB ವೃತ್ತ ತೆಗೆದುಬಿಟ್ಟು, ಮೊದಲ ವೃತ್ತವನ್ನು AB ಗೆರೆ ಮೇಲೆಯೇ ಕೂರಿಸಿದರೆ?" AB ಗೆರೆ A ಯ ಮೂಲಕವೇ ಹೋಗುತ್ತದೆ, ಹಾಗಾಗಿ ಇನ್ವರ್ಷನ್ ಆದರೂ ಅದು ಅದೇ ಗೆರೆ, ಪಟ್ಟಿಯ ತಳ. ಮೊದಲನೆಯದರ ಎತ್ತರ ಅದರ ತ್ರಿಜ್ಯದಷ್ಟೇ, ಎರಡನೆಯದರದ್ದು ತನ್ನ ತ್ರಿಜ್ಯದ 3 ಪಟ್ಟು, ಆಮೇಲೆ 5 ಪಟ್ಟು. ನಾನು ಪೆನ್ನು ತೆಗೆಯುವ ಮೊದಲೇ ಅವಳು ಮೊದಲ ವೃತ್ತದ ತ್ರಿಜ್ಯ 0.96, ಕೇಂದ್ರ (4.8, 0.96) ಅಂತ ಬರೆದು, ದೂರಗಳು 2.04 ಮತ್ತು 2.96 ಎಂದು ತಾಳೆ ನೋಡಿ ಮುಗಿಸಿದ್ದಳು.